‘ಸ್ಪೆಲ್ಲಿಂಗ್ ಅಷ್ಟೇ ನೋಡಿ ಕೊಡ್ರಿ’

ಡಿಗ್ರಿಯ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದರೆ ಸಾಕು, ನಮ್ಮ ಯಲವಿಗಿಯಲ್ಲಿ ರೆಸ್ಯೂಮೆಗಳ ಸುಗ್ಗಿ ಶುರು. ನಾನು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವಳು. ಹಾಗಾಗಿ ಓಣಿಯ ಹುಡುಗ ಹುಡುಗಿಯರೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಕಳಿಸಿ, ‘ಅಕ್ಕಾ, ಸ್ಪೆಲ್ಲಿಂಗ್ ಅಷ್ಟೇ ನೋಡಿ ಕೊಡ್ರಿ’ ಅನ್ನುತ್ತಾರೆ. ಈ ‘ಅಷ್ಟೇ’ ಅನ್ನುವುದರ ಬಗ್ಗೆ ನನ್ನ ತಕರಾರಿದೆ. ಸ್ಪೆಲ್ಲಿಂಗ್ ನೋಡುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲು ನೋಡಬೇಕಾದದ್ದು ಕ್ರಿಯಾಪದಗಳನ್ನು. ಏಕೆಂದರೆ ಸ್ಪೆಲ್ಲಿಂಗ್ ತಪ್ಪಿದರೆ ಓದುವವರು ಮುಖ ಸಿಂಡರಿಸುತ್ತಾರೆ, ಕ್ರಿಯಾಪದದ ಕಾಲ ತಪ್ಪಿದರೆ ನೀವು ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಹೇಳಿದಂತಾಗುತ್ತದೆ. ಅದರ ಕೆಳಗೆ ‘ಮೇಲಿನ ಮಾಹಿತಿಯೆಲ್ಲ ಸತ್ಯ’ ಎಂಬ ಡಿಕ್ಲರೇಶನ್ ಹಾಕಿ ಸಹಿಯನ್ನೂ ಮಾಡಿರುತ್ತೀರಿ.

ಈ ಸಲ ಬಂದ ಒಂದು ರೆಸ್ಯೂಮೆಯನ್ನೇ ತೆಗೆದುಕೊಳ್ಳುತ್ತೇನೆ. ಬಿ.ಕಾಂ. ಮುಗಿಸಿದ ಹುಡುಗಿ, ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಿದ್ದಾಳೆ. ಅದರ ಕೆಳಗೆ ನಾಲ್ಕು ಬುಲೆಟ್ ಸಾಲುಗಳಿದ್ದವು. ಮೊದಲನೆಯದು ‘ಪ್ರಿಪೇರ್ಡ್ ಬ್ಯಾಂಕ್ ರೀಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ಸ್’ ಎಂದು ಶುರುವಾಗುತ್ತಿತ್ತು. ಎರಡನೆಯದು ‘ಎಂಟರಿಂಗ್ ಬಿಲ್ಸ್ ಇನ್ ಟ್ಯಾಲಿ’. ಮೂರನೆಯದು ‘ರೆಸ್ಪಾನ್ಸಿಬಲ್ ಫಾರ್ ಜಿಎಸ್‌ಟಿ ರಿಟರ್ನ್ಸ್’. ನಾಲ್ಕನೆಯದು ‘ಐ ಹ್ಯಾವ್ ಲರ್ನ್ಟ್ ಟಿಡಿಎಸ್’. ಬಿಡಿಬಿಡಿಯಾಗಿ ಓದಿದರೆ ಒಂದರಲ್ಲೂ ದೊಡ್ಡ ತಪ್ಪು ಕಾಣುವುದಿಲ್ಲ. ಸ್ಪೆಲ್ಲಿಂಗೂ ಸರಿಯಾಗಿಯೇ ಇತ್ತು.

ಇದೇ ಪಟ್ಟಿಯನ್ನು ಕನ್ನಡದಲ್ಲಿ ಹೇಳಿ ನೋಡಿ: ಬ್ಯಾಂಕಿನ ತಾಳೆಪಟ್ಟಿ ತಯಾರಿಸಿದೆ, ಬಿಲ್ಲು ನಮೂದಿಸುತ್ತಿರುವುದು, ಜಿಎಸ್‌ಟಿಯ ಜವಾಬ್ದಾರಿ, ನಾನು ಟಿಡಿಎಸ್ ಕಲಿತಿದ್ದೇನೆ. ಕಿವಿಗೇ ತಾಳ ತಪ್ಪಿದ್ದು ಗೊತ್ತಾಗುತ್ತದೆ. ಆದರೂ ಬರೆಯುವಾಗ ಯಾಕೆ ಗೊತ್ತಾಗಲಿಲ್ಲ? ನನ್ನ ಪ್ರಕಾರ ಇದು ಇಂಗ್ಲಿಷ್ ಬಾರದಿರುವುದಕ್ಕಿಂತ ಹೆಚ್ಚಾಗಿ ರೆಸ್ಯೂಮೆ ಹುಟ್ಟುವ ಬಗೆಯಿಂದ ಆಗುವ ತಪ್ಪು. ಒಂದು ಸಾಲು ಗೆಳತಿಯ ಫೈಲಿನಿಂದ, ಇನ್ನೊಂದು ಇಂಟರ್ನ್‌ಶಿಪ್ ಸರ್ಟಿಫಿಕೇಟಿನಿಂದ, ಮತ್ತೊಂದು ಪ್ರಾಜೆಕ್ಟ್ ರಿಪೋರ್ಟಿನಿಂದ ಬಂದಿರುತ್ತದೆ. ಕೆಲವು ಸಲ ಝೆರಾಕ್ಸ್ ಅಂಗಡಿಯವರು ಹಿಂದಿನ ಗಿರಾಕಿಯ ಫೈಲಿನಲ್ಲೇ ಹೆಸರು ಬದಲಿಸಿ ಕೊಟ್ಟಿರುತ್ತಾರೆ. ಬೇರೆ ಬೇರೆ ಕಡೆಯಿಂದ ತಂದ ಸಾಲುಗಳು ತಮ್ಮ ತಮ್ಮ ಕಾಲವನ್ನೂ ಹೊತ್ತುಕೊಂಡೇ ಬರುತ್ತವೆ.

ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಕೂತಿರುತ್ತದೆ, ಸಾಲುಗಳ ಉದ್ದ ಬೇರೆ ಬೇರೆಯಾದ್ದರಿಂದ ಒಂದರ ಕೆಳಗೆ ಒಂದು ಬರುವುದಿಲ್ಲ. ಇಂಗ್ಲಿಷ್ ರೆಸ್ಯೂಮೆಯಲ್ಲಿ ಅದೇ ಕ್ರಿಯಾಪದ ಸಾಲಿನ ಮೊದಲಲ್ಲಿ, ಎಡಗಡೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ನಾವು ಪ್ರತಿ ಸಾಲನ್ನು ಎಡದಿಂದ ಬಲಕ್ಕೆ ಓದಿ ಅರ್ಥವಾಯಿತೆಂದು ಸುಮ್ಮನಾಗುತ್ತೇವೆ. ಅರ್ಜಿ ನೋಡುವವರ ಕಣ್ಣು ಮಾತ್ರ ಎಡ ಅಂಚಿನ ಗುಂಟ ಮೇಲಿನಿಂದ ಕೆಳಗೆ ಜಾರುತ್ತದೆ. ಪ್ರಿಂಟ್ ತೆಗೆದು, ಒಂದು ಹಾಳೆಯಿಂದ ಬಲಭಾಗವನ್ನೆಲ್ಲ ಮುಚ್ಚಿ, ಪ್ರತಿ ಸಾಲಿನ ಮೊದಲ ಪದ ಮಾತ್ರ ಕಾಣುವಂತೆ ಮಾಡಿ. ಈ ಹುಡುಗಿಯ ಹಾಳೆಯಲ್ಲಿ ಕಂಡದ್ದು: ಪ್ರಿಪೇರ್ಡ್, ಎಂಟರಿಂಗ್, ರೆಸ್ಪಾನ್ಸಿಬಲ್, ಐ. ನಾಲ್ಕು ಸಾಲು, ನಾಲ್ಕು ಜಾತಿ.

ತಿದ್ದುವುದು ಸುಲಭವೆಂದು ಎಲ್ಲಕ್ಕೂ ಭೂತಕಾಲ ಹಚ್ಚಿಬಿಟ್ಟರೆ ಹೇಗೆ? ಮೊದಲೆರಡು ಸಾಲಿಗೆ ಅಷ್ಟು ಸಾಕಾಯಿತು. ಇಂಟರ್ನ್‌ಶಿಪ್ ಮುಗಿದಿದೆ, ಆದ್ದರಿಂದ ‘ಪ್ರಿಪೇರ್ಡ್’ ಹಾಗೆಯೇ ಇರಲಿ, ‘ಎಂಟರಿಂಗ್’ ಹೋಗಿ ‘ಎಂಟರ್ಡ್’ ಆಗಲಿ. ಮೂರನೆಯದರಲ್ಲಿ ತೊಡಕು ಬಂತು. ‘ರೆಸ್ಪಾನ್ಸಿಬಲ್ ಫಾರ್’ ಎಂಬುದರಲ್ಲಿ ಕೆಲಸವೇ ಇಲ್ಲ. ಜವಾಬ್ದಾರಿ ಇತ್ತು ಸರಿ, ಮಾಡಿದ್ದೇನು? ಉಳಿದ ಸಾಲುಗಳಿಗೆ ಹೊಂದಿಸಬೇಕಾದರೆ ಅಲ್ಲೊಂದು ಕ್ರಿಯಾಪದ ಬೇಕು. ಗೆಳತಿಯೊಬ್ಬಳು ಆಗಲೇ ‘ಫೈಲ್ಡ್ ಜಿಎಸ್‌ಟಿ ರಿಟರ್ನ್ಸ್’ ಅಂತ ಬರೆದುಬಿಡು ಎಂದು ಸಲಹೆ ಕೊಟ್ಟಿದ್ದಳಂತೆ. ನಾನು ಕೇಳಿದೆ, ‘ರಿಟರ್ನ್ ನೀ ಹಾಕಿದ್ದೇನು?’

‘ಇಲ್ಲಕ್ಕಾ, ಅದನ್ನ ಸರ್ ಹಾಕತಿದ್ರು. ನಾ ಖರೀದಿ ಬಿಲ್ಲು ಪೋರ್ಟಲ್‌ದಾಗ ಬಂದಾವೋ ಇಲ್ಲೋ ಅಂತ ತಾಳೆ ನೋಡತಿದ್ದೆ.’

ಇದು ಸಣ್ಣ ಕೆಲಸವಲ್ಲ. ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳು ಕೊಂಡವರಿಗೆ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕಾಣಿಸುತ್ತವೆ. ನಮ್ಮ ಖರೀದಿ ಪುಸ್ತಕದ ಬಿಲ್ಲು ಅಲ್ಲಿ ಇಲ್ಲದಿದ್ದರೆ ಕಟ್ಟಿದ ತೆರಿಗೆಯ ಜಮೆ ಸಿಗುವುದು ಕಷ್ಟ. ಹಾಗಾಗಿ ಸಾಲು ‘ಮ್ಯಾಚ್ಡ್ ಪರ್ಚೇಸ್ ಬಿಲ್ಸ್ ವಿತ್ ಜಿಎಸ್‌ಟಿಆರ್-2ಬಿ’ ಎಂದಾಯಿತು. ಇದು ಮೊದಲಿದ್ದದ್ದಕ್ಕಿಂತ ನಿಜ, ಅಷ್ಟೇ ಅಲ್ಲ, ಮೊದಲಿದ್ದದ್ದಕ್ಕಿಂತ ತೂಕದ್ದು. ‘ಫೈಲ್ಡ್’ ಎಂದು ಬರೆದಿದ್ದರೆ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ, ತಿಂಗಳ ರಿಟರ್ನ್ ಹಾಕುವವರಿಗೆ 3ಬಿ ಯಾವ ತಾರೀಖಿನೊಳಗೆ, ಜಿಎಸ್‌ಟಿಆರ್-1 ಯಾವ ತಾರೀಖಿನೊಳಗೆ ಎಂಬುದು. 20 ಮತ್ತು 11 ಎಂದು ಬಾಯಿಪಾಠ ಮಾಡಿಕೊಂಡು ಹೋಗಬಹುದು. ಎರಡನೆಯ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ನಾಲ್ಕನೆಯ ಸಾಲನ್ನು ಅಲ್ಲಿಂದ ತೆಗೆದೇ ಹಾಕಿದೆವು. ಉಳಿದ ಮೂರು ಮಾಡಿದ ಕೆಲಸಗಳು, ಇದು ಕಲಿತದ್ದು. ಸಾಲುಗಳು ಹೊಂದಬೇಕೆಂದರೆ ಬರೀ ವ್ಯಾಕರಣದ ರೂಪ ಹೊಂದಿದರೆ ಸಾಲದು, ಹೇಳುವ ಸಂಗತಿಯೂ ಒಂದೇ ಬಗೆಯದಾಗಿರಬೇಕು. ಟಿಡಿಎಸ್ ಕೌಶಲಗಳ ಪಟ್ಟಿಗೆ ಹೋಯಿತು. ಅಲ್ಲಿ ಎಲ್ಲವೂ ನಾಮಪದಗಳೇ, ಕ್ರಿಯಾಪದದ ಗೊಡವೆ ಇಲ್ಲ.

ಕಾಲದ ವಿಷಯದಲ್ಲಿ ಒಂದು ಅರೆಬರೆ ಬುದ್ಧಿವಾದ ಓಡಾಡುತ್ತಿದೆ, ‘ರೆಸ್ಯೂಮೆ ಪೂರ್ತಿ ಒಂದೇ ಕಾಲದಲ್ಲಿರಬೇಕು’ ಎಂದು. ಅದು ಸರಿಯಲ್ಲ. ಇದೇ ಹುಡುಗಿ ತಾಯಿಯ ಸ್ವಸಹಾಯ ಸಂಘದ ಲೆಕ್ಕವನ್ನು ಮೂರು ವರ್ಷದಿಂದ ಬರೆಯುತ್ತಿದ್ದಾಳೆ, ಈಗಲೂ ಬರೆಯುತ್ತಾಳೆ. ಅದನ್ನು ‘ಮೇಂಟೇನ್ಡ್’ ಎಂದು ತಿದ್ದಿದರೆ ಬಿಟ್ಟುಬಿಟ್ಟಳು ಎಂದು ಅರ್ಥ. ನಡೆಯುತ್ತಿರುವ ಕೆಲಸಕ್ಕೆ ವರ್ತಮಾನ, ಮುಗಿದದ್ದಕ್ಕೆ ಭೂತ. ಆ ಶೀರ್ಷಿಕೆಯ ಕೆಳಗಿನ ‘ಹಳೆಯ ಪಾಸ್‌ಬುಕ್ ಲೆಕ್ಕವನ್ನು ಎಕ್ಸೆಲ್‌ಗೆ ಏರಿಸಿದೆ’ ಎಂಬುದು ಮಾತ್ರ ಮುಗಿದ ಕೆಲಸವಾದ್ದರಿಂದ ಭೂತಕಾಲದಲ್ಲೇ ಉಳಿಯಿತು. ನಡೆಯುತ್ತಿರುವುದನ್ನು ಮೇಲೆ, ಮುಗಿದದ್ದನ್ನು ಕೆಳಗೆ ಇಟ್ಟರೆ ಓದುವವರಿಗೆ ಎಡವುವಂತಾಗುವುದಿಲ್ಲ. ಇನ್ನು ಅವಳು ಬರೆದದ್ದು ‘ಮೇಂಟೇನ್ಸ್’ ಎಂದು, ಕೊನೆಗೆ ಒಂದು ‘ಎಸ್’ ಸೇರಿಸಿ. ಕನ್ನಡದಲ್ಲಿ ‘ಬರೆಯುತ್ತೇನೆ’ ಎಂದರೆ ‘ನಾನು’ ಎಂದು ಹೇಳದೆಯೂ ಗೊತ್ತಾಗುತ್ತದೆ. ಇಂಗ್ಲಿಷ್ ರೆಸ್ಯೂಮೆಯಲ್ಲಿ ‘ಐ’ ಅಡಗಿರುತ್ತದೆ, ‘ಶೀ’ ಅಲ್ಲ. ಹಾಗಾಗಿ ‘ಮೇಂಟೇನ್’ ಸಾಕು. ಅದೇ ರೀತಿ ಓದಿನ ಭಾಗದ ‘ಪರ್ಸ್ಯೂಯಿಂಗ್ ಬಿ.ಕಾಂ.’ ಕೊನೆಯ ಪರೀಕ್ಷೆ ಬರೆದ ಮೇಲೆ ಉಳಿಯಬಾರದು. ಫಲಿತಾಂಶ ಬಂದಿಲ್ಲವೆಂದರೆ ‘ರಿಸಲ್ಟ್ ಅವೇಟೆಡ್’ ಎಂದು ನೇರವಾಗಿ ಬರೆಯಿರಿ.

ಈಗ ಸ್ಪೆಲ್ಲಿಂಗ್. ನಮ್ಮಂಥ ಊರುಗಳಿಂದ ಬರುವವರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಯಲವಿಗಿ, ಸವಣೂರು, ಶಿಗ್ಗಾಂವಿ, ಅಪ್ಪನ ಹೆಸರು, ಅಡ್ಡಹೆಸರು, ಏನೇ ಟೈಪ್ ಮಾಡಿದರೂ ಕಂಪ್ಯೂಟರ್ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಒಂದು ಪುಟದಲ್ಲಿ ಹತ್ತು ಕೆಂಪು ಗೆರೆ ನೋಡಿದ ಮೇಲೆ ಹನ್ನೊಂದನೆಯದನ್ನು ಕಣ್ಣು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಜವಾದ ತಪ್ಪು ಇರುವುದು ಆ ಹನ್ನೊಂದನೆಯದರಲ್ಲಿ. ಆದ್ದರಿಂದ ಮೊದಲು ನಿಮ್ಮ ಹೆಸರು, ಊರು, ಕಾಲೇಜು ಇವನ್ನು ಮಾರ್ಕ್ಸ್‌ಕಾರ್ಡ್ ಎದುರಿಗಿಟ್ಟು ಅಕ್ಷರ ಅಕ್ಷರ ನೋಡಿ, ಸರಿಯಿದ್ದರೆ ವರ್ಡ್‌ನಲ್ಲಿ ಪದದ ಮೇಲೆ ರೈಟ್ ಕ್ಲಿಕ್ ಮಾಡಿ Add to Dictionary ಒತ್ತಿ. ಆಮೇಲೆ ಉಳಿಯುವ ಕೆಂಪು ಗೆರೆಗಳಿಗೆ ಬೆಲೆ ಬರುತ್ತದೆ.

ಊರಿನ ಹೆಸರಿಗೆ ಒಂದೇ ಸ್ಪೆಲ್ಲಿಂಗ್ ಇಟ್ಟುಕೊಳ್ಳಿ. ರೈಲ್ವೆಯವರು ಯಲವಿಗಿಯನ್ನು ನಡುವಿನ ಒಂದು ‘ಎ’ ಬಿಟ್ಟು ‘ಯಲ್ವಿಗಿ’ ಎನ್ನುವಂತೆ ಬರೆಯುತ್ತಾರೆ, ನಾವು ಸೇರಿಸಿ ಬರೆಯುತ್ತೇವೆ. ಈ ಹುಡುಗಿಯ ವಿಳಾಸದಲ್ಲಿ ಒಂದು ರೂಪ, ಡಿಕ್ಲರೇಶನ್‌ನ ‘ಪ್ಲೇಸ್’ ಎದುರು ಇನ್ನೊಂದು ರೂಪ ಇತ್ತು. ಹುಬ್ಬಳ್ಳಿಯ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾಗಿದೆ, ಹಳೆಯ ‘ಹುಬ್ಲಿ’ ಇನ್ನೂ ಎಷ್ಟೋ ಫೈಲುಗಳಲ್ಲಿ ಉಳಿದಿದೆ.

ಕೆಂಪು ಗೆರೆ ಬೀಳದ ತಪ್ಪುಗಳು ಇನ್ನೂ ಕೆಟ್ಟವು. ‘ಮ್ಯಾನೇಜರ್’ ಪದದ ಎರಡನೆಯ ‘ಎ’ ಬಿದ್ದುಹೋದರೆ ಉಳಿಯುವುದೂ ಒಂದು ಸರಿಯಾದ ಇಂಗ್ಲಿಷ್ ಪದವೇ, ಅರ್ಥ ಮಾತ್ರ ದನದ ಗೋದಲಿ! ‘ಫ್ರಮ್’ ಹೋಗಿ ‘ಫಾರ್ಮ್’ ಆಗುವುದೂ ಹೀಗೆಯೇ. ಈ ಎರಡನ್ನು Ctrl+F ಒತ್ತಿ ಹುಡುಕಿಯೇ ಬಿಡಿ. ಶೀರ್ಷಿಕೆಗಳನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ವರ್ಡ್ ಅವನ್ನು ಪರೀಕ್ಷಿಸದೇ ಬಿಡಬಹುದು. Ignore words in UPPERCASE ಎಂಬ ಆಯ್ಕೆ ಅದರಲ್ಲಿ ಚಾಲೂ ಇದ್ದರೆ ಹೀಗಾಗುತ್ತದೆ. ‘ಎಕ್ಸ್‌ಪೀರಿಯನ್ಸ್’ ಎಂಬ ಶೀರ್ಷಿಕೆ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ, ದಪ್ಪಗೆ, ತಪ್ಪಾಗಿ ನಿಂತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ರೆಸ್ಯೂಮೆಗಳಲ್ಲಿ ನೋಡಿದ್ದೇನೆ.

ಒಂದು ಅಕ್ಷರ ತಪ್ಪಿದ್ದಕ್ಕೆ ಅರ್ಜಿಯನ್ನೇ ಬದಿಗೆ ಸರಿಸುವುದು ಸರಿಯೇ? ಸರಿಯಲ್ಲ ಎಂದೇ ನನ್ನ ಅಭಿಪ್ರಾಯ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಿಷಯದಲ್ಲಿ. ಆದರೆ ಲೆಕ್ಕದ ಕೆಲಸಕ್ಕೆ ಕರೆಯುವವರ ಕೈಯಲ್ಲಿ ನಿಮ್ಮ ಕೆಲಸದ ಮಾದರಿಯೆಂದು ಇರುವುದು ಅದೊಂದೇ ಹಾಳೆ. ಕಾಲೇಜುಗಳ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಟೆಂಪ್ಲೇಟ್, ಬಣ್ಣ, ಫೋಟೊ ಎಲ್ಲಿರಬೇಕು ಎಂಬುದಕ್ಕೆ ಒಂದು ದಿನ ಕೊಡುತ್ತಾರೆ. ಇಬ್ಬಿಬ್ಬರನ್ನು ಕೂರಿಸಿ, ಹಾಳೆ ಅದಲು ಬದಲು ಮಾಡಿಸಿ, ಪ್ರತಿ ಬುಲೆಟ್ ಸಾಲಿಗೆ ‘ಇದನ್ನು ನೀನೇ ಮಾಡಿದೆಯಾ, ಈಗಲೂ ಮಾಡುತ್ತೀಯಾ’ ಎಂದು ಕೇಳಿಸುವುದಕ್ಕೆ ಅರ್ಧ ಗಂಟೆ ಸಾಕು.

ಇನ್ನೊಂದು ಉಳಿಯಿತು, ಫೋನ್ ನಂಬರ್. ಅಂಕಿಗೆ ಯಾವ ಕೆಂಪು ಗೆರೆಯೂ ಬೀಳುವುದಿಲ್ಲ. ಪ್ರಿಂಟ್ ಆದ ಹಾಳೆಯನ್ನು ಮನೆಯವರೊಬ್ಬರ ಕೈಗೆ ಕೊಟ್ಟು, ಅದರಲ್ಲಿರುವ ನಂಬರನ್ನೇ ನೋಡಿ ಒತ್ತಲು ಹೇಳಿ. ನಿಮ್ಮ ಫೋನ್ ರಿಂಗ್ ಆದರೆ ಫೈಲನ್ನು ಪಿಡಿಎಫ್ ಮಾಡಿ ಕಳಿಸಿ.