ರಾತ್ರಿ ಊಟ ಬಿಡಿಸುವ ಸಲಹೆ

ಸಿರೋಸಿಸ್ ಇದ್ದವರು ರಾತ್ರಿ ಊಟ ಬಿಟ್ಟರೆ ಸಕ್ಕರೆ ಹತೋಟಿಗೆ ಬರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದವರು ಪಿತ್ತಜನಕಾಂಗವನ್ನೇ ಮರೆತಿದ್ದಾರೆ. ಒಬ್ಬ ರೋಗಿಗೆ ಊಟವಾದ ಎರಡು ಗಂಟೆಗೆ 240, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 62 ಬಂತು ಅನ್ನಿ. ಎರಡಕ್ಕೂ ಕಾರಣ ಒಂದೇ. ಉಂಡ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡಬೇಕಾದ ಅಂಗ ಗಾಯಕಟ್ಟಿ ಗಟ್ಟಿಯಾಗಿದೆ; ಕರುಳಿನಿಂದ ಬಂದ ರಕ್ತದಲ್ಲಿ ಒಂದಿಷ್ಟು ಅದರೊಳಗೆ ಹೋಗದೆ ಪಕ್ಕದಿಂದಲೇ ಹರಿದುಹೋಗುತ್ತದೆ. ಹಾಗಾಗಿ ಉಂಡಾಗ ಏರಿಕೆ. ಕೂಡಿಟ್ಟದ್ದು ಕಡಿಮೆ, ಹೊಸದಾಗಿ ತಯಾರಿಸುವ ಶಕ್ತಿಯೂ ಕುಗ್ಗಿದೆ; ನಸುಕಿಗೆ ಇಳಿಕೆ. ಉಪವಾಸ ಹಾಕಿದರೆ ದೇಹ ಸ್ನಾಯುವನ್ನೇ ಕರಗಿಸುತ್ತದೆ. ಇಂಥವರಿಗೆ ಮಲಗುವ ಮುನ್ನ ಸುಮಾರು 50 ಗ್ರಾಂ ಪಿಷ್ಟವಿರುವ ತಿಂಡಿ ಬೇಕು. ಲೇಖಕರು ನೆಚ್ಚಿದ ಎಚ್‌ಬಿಎ1ಸಿ ಕೂಡ ಇಲ್ಲಿ ಸುಳ್ಳಾಗಬಹುದು: ಊದಿದ ಗುಲ್ಮ ಕೆಂಪುಕಣಗಳನ್ನು ಬೇಗ ಒಡೆದರೆ ಅಂಕಿ ತಗ್ಗಿ ಕಾಣುತ್ತದೆ.