ಸ್ವಯಂಚಾಲಿತ ವರದಿ: ಸಹಿ ಹಾಕುವ ಮುನ್ನ

ನಮ್ಮ ಕಕ್ಷಿದಾರರ ಕಾರ್ಖಾನೆಯಲ್ಲಿ ಪ್ರತಿ ಸೋಮವಾರ ಗ್ರಾಹಕರ ಬಾಕಿ ವರದಿಯನ್ನು ಸಿದ್ಧಪಡಿಸುವ ವಿಶ್ಲೇಷಕರು ತಮ್ಮ ವ್ಯವಸ್ಥಾಪಕರಿಗೆ ಬರೆದ ಪತ್ರವೊಂದು ನನ್ನ ಪರಿಶೀಲನೆಗೆ ಬಂದಿತ್ತು. ಟ್ಯಾಲಿಯಿಂದ ಬಾಕಿ ಬಿಲ್ಲುಗಳನ್ನು ಎಕ್ಸೆಲ್‌ಗೆ ತಂದು, ಮಾರಾಟ ಪ್ರತಿನಿಧಿಗಳ ಹೆಸರನ್ನು ಜೋಡಿಸಿ, ದಿನಗಳ ಲೆಕ್ಕದಲ್ಲಿ ವಿಂಗಡಿಸಲು ಅವರಿಗೆ ಮೂರು ಗಂಟೆ ಹಿಡಿಯುತ್ತಿತ್ತು. ಈ ಹಂತಗಳನ್ನು ಪವರ್ ಕ್ವೆರಿಯಲ್ಲಿ ಒಮ್ಮೆ ರಚಿಸಿಟ್ಟರೆ Refresh All ಒತ್ತಿದೊಡನೆ ವರದಿ ಸಿದ್ಧವಾಗುವುದೆಂದು ತಿಳಿಸಿ, ಅನುಮತಿ ಕೋರಿದ್ದರು.

ಕೋರಿಕೆ ಯುಕ್ತವಾದುದೇ. ಆದರೆ ಪತ್ರದಲ್ಲಿ ಉಳಿತಾಯವಾಗುವ ಸಮಯದ ಲೆಕ್ಕವಿತ್ತೇ ಹೊರತು, ವರದಿ ತಪ್ಪಿದರೆ ಅದು ತಿಳಿಯುವ ಬಗೆ ಹೇಗೆಂಬುದು ಇರಲಿಲ್ಲ. ನನ್ನ ಸಲಹೆಯಂತೆ ನಾಲ್ಕು ವಾರ ಎರಡೂ ವಿಧಾನಗಳಲ್ಲಿ ವರದಿ ತಯಾರಿಸಿ ಹೋಲಿಸಲಾಯಿತು. ಎರಡನೆಯ ವಾರ ಹೊಸ ವರದಿಯ ಮೊತ್ತ 1,84,000 ರೂಪಾಯಿ ಕಡಿಮೆ ಬಂದಿತು. ಹೊಸ ಗ್ರಾಹಕರೊಬ್ಬರ ಹೆಸರು ಪ್ರತಿನಿಧಿಗಳ ಪಟ್ಟಿಗೆ ಸೇರಿರಲಿಲ್ಲ. ಪಟ್ಟಿಗಳನ್ನು Inner ವಿಧಾನದಲ್ಲಿ ಜೋಡಿಸಿದ್ದರಿಂದ, ಒಂದರಲ್ಲಿ ಮಾತ್ರ ಇದ್ದ ಆ ಹೆಸರು ಸದ್ದಿಲ್ಲದೆ ಬಿಟ್ಟುಹೋಗಿತ್ತು. ಹಳೆಯ ಕ್ರಮದಲ್ಲಿ VLOOKUP ಸೂತ್ರವು #N/A ತೋರಿಸಿ ಎಚ್ಚರಿಸುತ್ತಿತ್ತು. ಜೋಡಣೆಯನ್ನು Left Outer ಎಂದು ಬದಲಿಸಿದ ಮೇಲೆ ಆ ಬಾಕಿಯು ಪ್ರತಿನಿಧಿಯ ಹೆಸರಿಲ್ಲದೆಯೇ ವರದಿಯಲ್ಲಿ ಕಾಣಿಸಿಕೊಂಡಿತು.

ಆದುದರಿಂದ ಇಂತಹ ಪತ್ರಕ್ಕೆ ಮಾಲೀಕರು ಎರಡು ಷರತ್ತುಗಳನ್ನು ವಿಧಿಸಬೇಕು. ವರದಿಯ ಮೊತ್ತ ಹಾಗೂ ಅದೇ ದಿನಾಂಕದ ಟ್ರಯಲ್ ಬ್ಯಾಲೆನ್ಸಿನ ಸಂಡ್ರಿ ಡೆಟರ್ಸ್ ಮೊತ್ತ ವರದಿಯ ಮೇಲ್ಭಾಗದಲ್ಲೇ ಅಕ್ಕಪಕ್ಕ ಇರಬೇಕು. ವ್ಯತ್ಯಾಸಕ್ಕೆ ಕಾರಣ ನಮೂದಾಗಬೇಕು. ಮಾಹಿತಿ ಯಾವ ದಿನಾಂಕದವರೆಗಿನದೆಂಬುದೂ ಅಲ್ಲಿಯೇ ಇರಬೇಕು. ಏಕೆಂದರೆ ಕಳೆದ ವಾರದ ಕಡತವೇ ಉಳಿದಿದ್ದರೆ, ಯಾವ ದೋಷವನ್ನೂ ತೋರದೆ ಹಳೆಯ ಅಂಕಿಗಳೇ ಮತ್ತೆ ಬರುತ್ತವೆ. ಇವೆರಡನ್ನೂ ಪ್ರತಿ ಸೋಮವಾರ ಪರಿಶೀಲಿಸುವವರ ಹೆಸರು ಪತ್ರದಲ್ಲಿದ್ದರೆ ಧಾರಾಳವಾಗಿ ಸಹಿ ಹಾಕಬಹುದು.