49 ಸಾವಿರದ ಲೆಕ್ಕ

ತಿಪಟೂರಿನ ನಮ್ಮ ಚಿಕ್ಕಪ್ಪ ಕೊಬ್ಬರಿ ಮಾರಿ ಬಂದ ನಗದನ್ನು ಬ್ಯಾಂಕಿಗೆ ಕಟ್ಟುವಾಗ 49,000 ರೂಪಾಯಿ ದಾಟಿಸುತ್ತಿರಲಿಲ್ಲ. ಒಂದೇ ದಿನ 50,000ಕ್ಕಿಂತ ಹೆಚ್ಚು ನಗದು ಕಟ್ಟಿದರೆ ಪ್ಯಾನ್ ಕೇಳ್ತಾರೆ, ಕಮ್ಮಿ ಕಟ್ಟಿದರೆ ಯಾರಿಗೂ ಗೊತ್ತಾಗಲ್ಲ ಅನ್ನೋದು ಅವರ ಲೆಕ್ಕ. ಮೊದಲ ಅರ್ಧ ಆಗ ಸರಿಯಾಗಿತ್ತು. ಎರಡನೇ ಅರ್ಧವೇ ತೊಂದರೆ. ಖಾತೆಗೆ ಪ್ಯಾನ್ ಜೋಡಿಸಿದ್ದರೆ, ಚಲನ್‌ನಲ್ಲಿ ಬರೆಯದಿದ್ದರೂ ಅದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತೆ.

2024-25ರಲ್ಲಿ ಅವರು ಹೀಗೆ 24 ಸಲ ಕಟ್ಟಿದರು. ಒಂದೇ ಬ್ಯಾಂಕಿನ ಒಂದು ಉಳಿತಾಯ ಖಾತೆಗೆ 14 ಸಲ, ಅಂದರೆ 6.86 ಲಕ್ಷ, ಇನ್ನೊಂದಕ್ಕೆ 10 ಸಲ, 4.90 ಲಕ್ಷ. ಯಾವ ಖಾತೆಯೂ ಹತ್ತು ಲಕ್ಷ ಮುಟ್ಟಲಿಲ್ಲ. ಆದರೆ ಬ್ಯಾಂಕು ಲೆಕ್ಕ ಹಾಕೋದು ಖಾತೆಯನ್ನಲ್ಲ, ಮನುಷ್ಯನನ್ನು. ಒಬ್ಬರ ಉಳಿತಾಯ ಖಾತೆಗಳಿಗೆ ವರ್ಷದಲ್ಲಿ ಬಂದ ನಗದೆಲ್ಲ ಕೂಡಿ 10 ಲಕ್ಷ ಮುಟ್ಟಿದರೆ ಮುಂದಿನ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ವರದಿ ಹೋಗಬೇಕು. (ಚಾಲ್ತಿ ಖಾತೆಗೆ ಈ ಮಿತಿ 50 ಲಕ್ಷ.) ಚಿಕ್ಕಪ್ಪನದು 11.76 ಲಕ್ಷ. ಹೋಯಿತು.

ನನ್ನನ್ನು ಚಕಿತಗೊಳಿಸಿದ್ದು ಚಿಕ್ಕಮ್ಮನ ವಿಷಯ. ಆ ಎರಡೂ ಖಾತೆಗಳು ಜಂಟಿ. ಜಂಟಿ ಖಾತೆಯಾದರೆ ಮೊತ್ತವನ್ನು ಅರ್ಧರ್ಧ ಮಾಡಲ್ಲ, ಪೂರ್ತಿ ಮೊತ್ತವನ್ನು ಇಬ್ಬರ ಹೆಸರಿಗೂ ಬರೆಯಬೇಕು ಅಂತಲೇ ನಿಯಮ. ಹಾಗಾಗಿ ಬ್ಯಾಂಕಿನ ಮೆಟ್ಟಿಲೇ ಹತ್ತದ ಚಿಕ್ಕಮ್ಮನ ಹೆಸರಲ್ಲೂ 11.76 ಲಕ್ಷ ಕೂತಿತ್ತು.

ಇದನ್ನು ನೋಡೋದು ಸುಲಭ. ಇಲಾಖೆಯ ಇ-ಫೈಲಿಂಗ್ ಜಾಲತಾಣಕ್ಕೆ ಲಾಗಿನ್ ಆಗಿ AIS ತೆರೆದು, SFT Information ಭಾಗ ನೋಡಬೇಕು. ಚಿಕ್ಕಮ್ಮನ ಪರವಾಗಿ ಆ ಸಾಲಿನ ಎದುರು Information relates to other PAN/Year ಆರಿಸಿ, ಚಿಕ್ಕಪ್ಪನ ಪ್ಯಾನ್ ಮತ್ತು ಮೊತ್ತ ಹಾಕಿದೆವು.

ಚಿಕ್ಕಪ್ಪನ ಸಾಲಿಗೆ ಬೇಕಿದ್ದದ್ದು ಕಾಗದ. ಹತ್ತು ಲಕ್ಷ ಅನ್ನೋದು ಕಟ್ಟಬಾರದ ಮಿತಿಯಲ್ಲ. ವರದಿ ಹೋದ ಮಾತ್ರಕ್ಕೆ ತೆರಿಗೆಯೂ ಬೀಳಲ್ಲ. ಸ್ವಂತ ತೋಟದ ಬೆಳೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. ಆದರೆ ಹಣದ ಮೂಲ ತೋರಿಸಲಾಗದಿದ್ದರೆ ಆ ವರ್ಷದ ಕಾನೂನಿನಲ್ಲಿ 60 ಶೇಕಡಾ ತೆರಿಗೆ, ಸರ್‌ಚಾರ್ಜ್ ಮತ್ತು ಸೆಸ್ ಸೇರಿ 78. ಹಾಗಾಗಿ ಪಹಣಿ, ಎಪಿಎಂಸಿ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕಟ್ಟಿದ ಮೊತ್ತಗಳ ಜೊತೆ ತಾಳೆ ನೋಡಿದೆವು.

ಇನ್ನೊಂದು ಮಾತು. ಸತತವಾಗಿ 49,000 ಕಟ್ಟುವುದೇ ಅನುಮಾನದ ಗುರುತು. ಅಂಥದ್ದು ಕಂಡರೆ ಬ್ಯಾಂಕು ಹಣಕಾಸು ಗುಪ್ತಚರ ಘಟಕಕ್ಕೆ ಬೇರೆಯೇ ವರದಿ ಕಳಿಸಬಹುದು. ಅದಕ್ಕೆ ಹತ್ತು ಲಕ್ಷದ ಲೆಕ್ಕವೂ ಇಲ್ಲ, ಗ್ರಾಹಕರಿಗೆ ತಿಳಿಸುವಂತೆಯೂ ಇಲ್ಲ. ಚಿಕ್ಕಪ್ಪ ಈಗ ಕೊಬ್ಬರಿ ದುಡ್ಡು ಬಂದ ದಿನವೇ, ಬಂದಷ್ಟನ್ನೂ ಪ್ಯಾನ್ ಬರೆದು ಕಟ್ಟುತ್ತಾರೆ.